ಎರಡನೇ ಭೇಟಿ ಬೇಡವೆಂದು ಹೇಳುವ ಬಗೆ

ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ಹುಡುಗನ ಜೊತೆ ಜಯನಗರದಲ್ಲಿ ಕಾಫಿ ಆಯಿತು. ಮಾತುಕತೆ ಹಿತವಾಗಿತ್ತು, ಮನಸ್ಸು ಮಾತ್ರ ಅತ್ತ ವಾಲಲಿಲ್ಲ. ಮರುದಿನ ಅವನ ಮೆಸೇಜು: 'ಶನಿವಾರ ಮತ್ತೆ ಸಿಗೋಣ್ವಾ?' ಇಲ್ಲಿ ಅನೇಕರು 'ಈ ವಾರ ತುಂಬಾ ಕೆಲಸ' ಎಂದು ಜಾರಿಕೊಳ್ಳುತ್ತಾರೆ. ಅವನು ಅದನ್ನು ನಂಬಿ ಮುಂದಿನ ವಾರ ಮತ್ತೆ ಕೇಳುತ್ತಾನೆ. ಆಗ ಬೇಡವೆನ್ನುವುದು ಇನ್ನೂ ಕಷ್ಟ.

ಹೀಗೆ ಬರೆದರೆ ಸಾಕು: 'ನಿನ್ನೆ ನಿಮ್ಮ ಜೊತೆ ಮಾತಾಡಿ ಖುಷಿಯಾಯ್ತು. ಕುದುರೆಮುಖ ಹತ್ತಿದ ಕಥೆ ತುಂಬಾ ಚೆನ್ನಾಗಿತ್ತು. ಆದ್ರೆ ನನಗೆ ಆ ಥರದ ಭಾವನೆ ಬರಲಿಲ್ಲ, ಹಾಗಾಗಿ ಮತ್ತೆ ಭೇಟಿ ಆಗೋದು ಬೇಡ. ನಿಮಗೆ ಒಳ್ಳೇದಾಗಲಿ.'

ಕುದುರೆಮುಖದ ಮಾತು ಇರುವುದರಿಂದ ಇದು ಎಲ್ಲರಿಗೂ ಕಳಿಸುವ ಸಿದ್ಧ ಉತ್ತರವಲ್ಲ ಎಂದು ಅವನಿಗೆ ತಿಳಿಯುತ್ತದೆ. ಕಾರಣಗಳನ್ನು ಬಿಡಿಸಿ ಹೇಳಲು ಹೋಗಬೇಡಿ. ಹೇಳಿದರೆ, ಅದನ್ನು ಸರಿಮಾಡಿಕೊಳ್ಳುತ್ತೇನೆ ಎಂಬ ವಾದ ಶುರುವಾಗುತ್ತದೆ. 'ಸದ್ಯಕ್ಕೆ ಬೇಡ' ಎಂದೂ ಬರೆಯಬೇಡಿ, ಅದು ಸುಮ್ಮನೆ ಆಸೆ ಉಳಿಸುತ್ತದೆ. ಸ್ನೇಹಿತರಾಗಿರೋಣ ಎನ್ನುವುದು ನಿಜಕ್ಕೂ ಸ್ನೇಹ ಬೇಕಿದ್ದರೆ ಮಾತ್ರ.

ಅವನು ಕೇಳಿದ ದಿನವೇ ಉತ್ತರಿಸಿ. 'ಸರಿ, ಥ್ಯಾಂಕ್ಸ್' ಎಂದು ಬಂದರೆ ಮಾತು ಅಲ್ಲಿಗೆ ಮುಗಿಯಿತು. ಮತ್ತೆ ಮತ್ತೆ ಒತ್ತಾಯಿಸಿದರೆ ಬ್ಲಾಕ್ ಮಾಡಲು ಹಿಂಜರಿಯಬೇಡಿ.