ಪಾಸ್‌ವರ್ಡ್ ಹೊಸದು, ಲ್ಯಾಪ್‌ಟಾಪಿನ ನೆನಪು ಹಳೆಯದು

ಸಂಜೆ ಆಫೀಸಿನ ಪಾಸ್‌ವರ್ಡ್ ಬದಲಾಯಿಸುತ್ತೀರಿ. ಆಮೇಲೂ ವೈ-ಫೈ ಸರಾಗವಾಗಿ ನಡೆಯುತ್ತದೆ. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ Can't connect to this network ಎಂಬ ಸಾಲು. ಪಕ್ಕದ ಮೇಜಿನವರಿಗೆ ಮಾತ್ರ ಯಾವ ತೊಂದರೆಯೂ ಇಲ್ಲ.

ಮನೆಯ ವೈ-ಫೈಗೆ ಎಲ್ಲರದೂ ಒಂದೇ ಪಾಸ್‌ವರ್ಡ್. ದೊಡ್ಡ ಆಫೀಸುಗಳಲ್ಲಿ ಹಾಗಲ್ಲ, ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಪಾಸ್‌ವರ್ಡಿನಿಂದಲೇ ಸೇರಬೇಕು. ಚಾವಣಿಗೆ ಅಂಟಿಸಿರುವ ವೈ-ಫೈ ಪೆಟ್ಟಿಗೆಗೆ ನಿಮ್ಮನ್ನು ಒಳಗೆ ಬಿಡುವ ಅಧಿಕಾರವಿಲ್ಲ. ಅದು ರೇಡಿಯಸ್ ಎಂಬ ಸರ್ವರನ್ನು ಕೇಳುತ್ತದೆ, ಆ ಸರ್ವರ್ ಉದ್ಯೋಗಿಗಳ ಖಾತೆಗಳಿರುವ ಕಡೆ ತಾಳೆ ನೋಡುತ್ತದೆ. ಲ್ಯಾಪ್‌ಟಾಪ್ ಮೊದಲ ದಿನ ಉಳಿಸಿಕೊಂಡ ಪಾಸ್‌ವರ್ಡಿನ ಆಧಾರದಲ್ಲೇ ಇಂದಿಗೂ ಉತ್ತರ ಕೊಡುತ್ತಿದೆ. ಅಲ್ಲಿರುವುದು ಹೊಸದು, ಇಲ್ಲಿಂದ ಹೋಗುವುದು ಹಳೆಯದು.

ಹಾಗಾದರೆ ಸಂಜೆ ನಡೆದದ್ದು ಹೇಗೆ? ಈ ತಪಾಸಣೆ ಮುಖ್ಯವಾಗಿ ಸೇರುವ ಹೊತ್ತಿನಲ್ಲಿ ನಡೆಯುತ್ತದೆ, ಒಮ್ಮೆ ಒಳಗಿದ್ದವರನ್ನು ತಕ್ಷಣ ಹೊರಗೆ ಹಾಕುವುದಿಲ್ಲ. ಜೊತೆಗೆ, ವಿಂಡೋಸ್ ಸರ್ವರ್ ಇರುವ ಕಡೆ ಈ ಬಗೆಯ ತಪಾಸಣೆಗೆ ಹಳೆಯ ಪಾಸ್‌ವರ್ಡ್ ಸಾಮಾನ್ಯವಾಗಿ ಇನ್ನೂ 60 ನಿಮಿಷ ನಡೆಯುತ್ತದೆ. ಹೀಗಾಗಿ ತಪ್ಪು ತಡವಾಗಿ ಕಾಣಿಸಿಕೊಂಡು, ಕಾರಣ ಬೇರೇನೋ ಅನ್ನಿಸಿಬಿಡುತ್ತದೆ. ಐಟಿ ವಿಭಾಗದವರು ಸರ್ವರಿನ ದಾಖಲೆಯಲ್ಲಿ ನಿಮ್ಮ ಹೆಸರಿನ ಎದುರು Event 6273, Reason Code 16 ಕಂಡರೆ, ಹೆಸರು ಅಥವಾ ಪಾಸ್‌ವರ್ಡ್ ತಾಳೆಯಾಗಿಲ್ಲ ಎಂದೇ ಅರ್ಥ. ಡ್ರೈವರ್ ಬದಲಾಯಿಸುವ ಗೋಜು ಬೇಡ.

ಪರಿಹಾರ: ಸೆಟ್ಟಿಂಗ್ಸಿನ ವೈ-ಫೈ ಪಟ್ಟಿಯಲ್ಲಿ ಆ ನೆಟ್‌ವರ್ಕಿಗೆ Forget ಕೊಟ್ಟು, ಹೊಸ ಪಾಸ್‌ವರ್ಡಿನಿಂದ ಮತ್ತೆ ಸೇರುವುದು. ಕಮಾಂಡ್ ಬರೆಯಬಲ್ಲವರಿಗೆ ಇದು ಸಾಕು, ಹೆಸರನ್ನು ನಿಮ್ಮ ಆಫೀಸಿನದಕ್ಕೆ ಬದಲಿಸಿಕೊಳ್ಳಿ:

```
netsh wlan delete profile name="Office-WiFi"
```

ಮತ್ತೆ ಸೇರುವಾಗ ಸರ್ವರಿನ ಪ್ರಮಾಣಪತ್ರವನ್ನು ನಂಬಬೇಕೇ ಎಂಬ ಪ್ರಶ್ನೆ ಬರಬಹುದು. ಓದದೆ ಒಪ್ಪಬೇಡಿ. ಅದೇ ಹೆಸರಿನ ನಕಲಿ ವೈ-ಫೈ ಇಟ್ಟು ಪಾಸ್‌ವರ್ಡ್ ಕದಿಯುವವರು ಇದೇ ಗಳಿಗೆಗೆ ಕಾಯುತ್ತಾರೆ. ಅಲ್ಲಿ ಕಾಣುವ ಸರ್ವರ್ ಹೆಸರು ಸರಿಯೇ ಎಂದು ಐಟಿಯವರನ್ನು ಕೇಳಿ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಸೆಟ್ಟಿಂಗನ್ನು ಆಫೀಸಿನಿಂದಲೇ ಹಾಕಿರುತ್ತಾರೆ, ಅಳಿಸಲು ಬರುವುದಿಲ್ಲ. ಲಾಗಿನ್ ಆದ ಪಾಸ್‌ವರ್ಡನ್ನೇ ವೈ-ಫೈಗೂ ಬಳಸುವ ವ್ಯವಸ್ಥೆ ಅದು. ಪಾಸ್‌ವರ್ಡನ್ನು ಬೇರೆ ಕಂಪ್ಯೂಟರಿನಲ್ಲಿ ಬದಲಾಯಿಸಿದ್ದರೆ ಇಲ್ಲಿ ತೊಡಕು ಶುರು. ನೆಟ್‌ವರ್ಕ್ ಸಿಗದ ಲ್ಯಾಪ್‌ಟಾಪಿಗೆ ಹೊಸ ಪಾಸ್‌ವರ್ಡ್ ಗೊತ್ತೇ ಇರುವುದಿಲ್ಲ, ಹಳೆಯದರಿಂದಲೇ ತೆರೆದುಕೊಳ್ಳುತ್ತದೆ. ಹೊಸದು ಗೊತ್ತಾಗಲು ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಸಿಗಲು ಹೊಸದು ಗೊತ್ತಿರಬೇಕು. ಆಫೀಸಿನ ಲ್ಯಾನ್ ಕೇಬಲ್ ಚುಚ್ಚಿ, ಪರದೆಯನ್ನು ಲಾಕ್ ಮಾಡಿ, ಹೊಸ ಪಾಸ್‌ವರ್ಡಿನಿಂದ ತೆರೆದರೆ ಈ ಗಂಟು ಬಿಚ್ಚುತ್ತದೆ.

ಲ್ಯಾಪ್‌ಟಾಪ್ ಸರಿಹೋದ ಮೇಲೂ ಖಾತೆ ಪದೇ ಪದೇ ಲಾಕ್ ಆಗುತ್ತಿದ್ದರೆ ಜೇಬಿನಲ್ಲಿರುವ ಫೋನ್ ನೋಡಿ. ಅದೂ ಅದೇ ವೈ-ಫೈಗೆ ಹಳೆಯ ಪಾಸ್‌ವರ್ಡಿನಿಂದ ತಟ್ಟುತ್ತಿರಬಹುದು. ಅಲ್ಲೂ ಹಳೆಯದನ್ನು ಅಳಿಸಿ ಹೊಸದನ್ನು ಹಾಕಬೇಕು.