ಸಾಕಿದ ನಾಯಿ ಕಚ್ಚಿದರೆ ಹೊಣೆ ಯಾರದು?

ಗೇಟು ಅರ್ಧ ತೆರೆದಿತ್ತು. ಹಾಲು ತರಲು ಹೊರಟ ಪಕ್ಕದ ಮನೆಯ ಹುಡುಗನ ಮೀನಖಂಡಕ್ಕೆ ಸಾಕುನಾಯಿ ಬಾಯಿ ಹಾಕಿತು. ಎರಡು ಹಲ್ಲು ಇಳಿದು ರಕ್ತ ಬಂತು. ಇಂಥದ್ದು ಬಳ್ಳಾರಿಯ ಬಡಾವಣೆಯಲ್ಲಾಗಲಿ, ಸಿರುಗುಪ್ಪ, ಕುರುಗೋಡಿನ ಓಣಿಯಲ್ಲಾಗಲಿ ನಡೆದಾಗ ಮಾಲೀಕರು ಮೊದಲು ಹೇಳುವುದು, “ನಮ್ ನಾಯಿಗೆ ಇಂಜೆಕ್ಷನ್ ಹಾಕ್ಸೀವಿ, ಏನೂ ಆಗಂಗಿಲ್ಲ.”

ಆ ಮಾತಿಗೆ ಕಟ್ಟುಬಿದ್ದು ಅರಿಸಿನ, ಸುಣ್ಣ ಮೆತ್ತಿ ಸುಮ್ಮನಾಗಬಾರದು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ರಕ್ತ ಬಂದ ಕಡಿತವನ್ನು ವೈದ್ಯರು ಮೂರನೇ ದರ್ಜೆಯದೆಂದು ಎಣಿಸುತ್ತಾರೆ. ಲಸಿಕೆ ದೇಹದಲ್ಲಿ ರಕ್ಷಣೆ ಕಟ್ಟಲು ಕೆಲವು ದಿನ ಬೇಕಾದ್ದರಿಂದ, ಅಲ್ಲಿಯವರೆಗೆ ಕಾಪಾಡಲೆಂದು ಇಮ್ಯುನೊಗ್ಲೋಬ್ಯುಲಿನ್ ಔಷಧವನ್ನು ಗಾಯದೊಳಕ್ಕೇ ಚುಚ್ಚುತ್ತಾರೆ. ಮೊದಲ ದಿನದ ಲಸಿಕೆಯ ನಂತರ 3, 7, 28ನೇ ದಿನ ಮತ್ತೆ ಹೋಗಬೇಕು. ಸ್ನಾಯುವಿಗೆ ಚುಚ್ಚುವ ಕ್ರಮವಾದರೆ 14ನೇ ದಿನವೂ ಸೇರುತ್ತದೆ.

ಇನ್ನು ಪರವಾನಗಿ. ಸಾಕುನಾಯಿಯ ಲಸಿಕೆ, ಪರವಾನಗಿ ಎರಡೂ ಮಾಲೀಕರ ಹೊಣೆ ಎಂದು ಕೇಂದ್ರದ ನಿಯಮ 2001ರಲ್ಲೇ ಹೇಳಿತ್ತು. ಪರವಾನಗಿ ಹೇಗೆಂಬುದನ್ನು ಮಾತ್ರ ಸ್ಥಳೀಯ ಕಾನೂನಿಗೆ ಬಿಟ್ಟಿತ್ತು. ಬಳ್ಳಾರಿ ಮಹಾನಗರ ಪಾಲಿಕೆ ನಡೆಯುವುದು 1976ರ ಕಾಯ್ದೆಯಂತೆ, ಸಿರುಗುಪ್ಪ ನಗರಸಭೆ ಮತ್ತು ಕುರುಗೋಡು ಪುರಸಭೆ 1964ರ ಕಾಯ್ದೆಯಂತೆ. ಹಾಗಾಗಿ ಶುಲ್ಕ, ಅರ್ಜಿಗಳನ್ನು ಆಯಾ ಊರಿನ ಕಚೇರಿಯಲ್ಲೇ ಕೇಳಬೇಕು. ಕಚ್ಚಿದಾಗಿನ ಹೊಣೆಯಾದರೋ ಮೂರೂ ಊರಿಗೆ ಒಂದೇ.

ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಆಗಬಹುದಾದ ಅಪಾಯವನ್ನು ತಡೆಯಲು ನಿರ್ಲಕ್ಷಿಸಿದರೆ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈಗೆ ಮುಂಚಿನ ಕಾನೂನಿನಲ್ಲಿ ದಂಡ 1,000 ರೂಪಾಯಿ ಮೀರುತ್ತಿರಲಿಲ್ಲ. ಇಲ್ಲಿ ಪ್ರಶ್ನೆ ಗೇಟಿನದು: ಅಗುಳಿ ಏಕೆ ಹಾಕಿರಲಿಲ್ಲ? ಈ ನಾಯಿ ಹಿಂದೆ ಯಾರ ಮೇಲಾದರೂ ಎರಗಿತ್ತೇ? ಎರಗಿದ್ದರೆ, ಅಪಾಯ ಗೊತ್ತಿರಲಿಲ್ಲ ಎನ್ನುವ ವಾದ ನಿಲ್ಲುವುದು ಕಷ್ಟ. ಪರವಾನಗಿ ಚೀಟಿ ಇದಕ್ಕೆ ಉತ್ತರವಾಗದು. ಚಿಕಿತ್ಸೆಯ ಖರ್ಚು, ಪರಿಹಾರಕ್ಕೆ ಸಿವಿಲ್ ದಾವೆಯ ದಾರಿ ಬೇರೆಯೇ ಇದೆ. ಆಸ್ಪತ್ರೆಯ ಚೀಟಿ, ಗಾಯದ ಫೋಟೊ ಎತ್ತಿಡಬೇಕು.

ತಳಿಯ ಮೇಲೆ ತಪ್ಪು ಹೊರಿಸುವವರೂ ಇದ್ದಾರೆ. 23 ತಳಿಗಳನ್ನು ನಿಷೇಧಿಸಿದ್ದ ಕೇಂದ್ರದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ನನಗೂ ತಳಿಗಿಂತ ಹಗ್ಗ ಹಿಡಿದ ಕೈಯೇ ಮುಖ್ಯವೆನಿಸುತ್ತದೆ. ದೊಡ್ಡಬಸವೇಶ್ವರನ ಜಾತ್ರೆಯ ಜನಜಂಗುಳಿಗೆ ನಾಯಿಯನ್ನು ಕರೆತರಲೇಬಾರದು. ಬೆಳಗಿನ ವಾಕಿಂಗಿನಲ್ಲಿ ಹಗ್ಗ ಗಿಡ್ಡಗಿರಲಿ, ಮಗುವಿನ ಕೈಗೆ ಕೊಡಬೇಡಿ, ಹೇಲು ಎತ್ತಲು ಚೀಲ ಜೊತೆಗಿರಲಿ.

ಕಚ್ಚಿದ ಮೇಲೆ ಹೆದರಿ ನಾಯಿಯನ್ನು ನೆಂಟರ ಹಳ್ಳಿಗೆ ಸಾಗಿಸುವುದು ದೊಡ್ಡ ತಪ್ಪು. ಅದನ್ನು 10 ದಿನ ಮನೆಯಲ್ಲೇ ಕಟ್ಟಿ ಪಶುವೈದ್ಯರ ಗಮನದಲ್ಲಿಡಬೇಕು. ಅಷ್ಟು ದಿನ ಅದು ಆರೋಗ್ಯವಾಗಿ ಉಳಿದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲವೆಂದು ಖಚಿತವಾಗುತ್ತದೆ. ಇಂಜೆಕ್ಷನ್ ಮುಂದುವರಿಸಬೇಕೇ ಎಂಬುದನ್ನು ಹುಡುಗನ ವೈದ್ಯರು ಆಗ ತೀರ್ಮಾನಿಸಬಹುದು. ನಾಯಿಯೇ ಕಣ್ಮರೆಯಾದರೆ ಆ ಹುಡುಗನ ತಾಯಿಗೆ ಯಾರೂ ಧೈರ್ಯ ಹೇಳಲಾರರು.