ಎಂಟು ಮೈಕಿನ ಡ್ರಮ್ಸ್, ಎರಡೇ ಫೇಡರ್

ಗಣೇಶೋತ್ಸವದ ವೇದಿಕೆಗೆ ಬರುವ ಒಂದು ಆರ್ಕೆಸ್ಟ್ರಾ ತಂಡವನ್ನು ಊಹಿಸಿಕೊಳ್ಳಿ. ಮೂವರು ಗಾಯಕರು, ಎರಡು ವೈರ್ ಎಳೆಯುವ ಕೀಬೋರ್ಡ್, ಗಿಟಾರ್, ಬಾಸ್, ಢೋಲಕ್ ಸೇರಿದರೆ ಎಂಟು ಚಾನೆಲ್ ಆಯಿತು. ಡ್ರಮ್ಸ್ ಒಂದಕ್ಕೇ ಇನ್ನೆಂಟು ಬೇಕು: ಕಿಕ್, ಸ್ನೇರ್, ಹೈಹ್ಯಾಟ್‌ಗೆ ಒಂದೊಂದು ಮೈಕ್, ಟಾಮ್‌ಗಳಿಗೆ ಮೂರು, ತಾಳಗಳ ಮೇಲೆ ತೂಗುವ ಓವರ್‌ಹೆಡ್ ಎರಡು. ಹದಿನಾರು ಚಾನೆಲ್‌ಗಳ ಮಿಕ್ಸರ್ ಅಲ್ಲಿಗೆ ಭರ್ತಿ. ಗಾಯಕಿ ಮೆಲ್ಲನೆಯ ಪಲ್ಲವಿ ಎತ್ತಿಕೊಂಡಾಗ ಡ್ರಮ್ಸ್ ತಗ್ಗಬೇಕು. ಆ ಕ್ಷಣದಲ್ಲಿ ಎಂಟು ಫೇಡರ್‌ಗಳನ್ನು ಒಂದೇ ಅಳತೆಗೆ ಇಳಿಸಲು ಯಾರ ಬೆರಳಿಗೂ ಆಗದು. ಇಳಿಸಿದರೂ ಕಿಕ್‌ಗೂ ಸ್ನೇರ್‌ಗೂ ಕಷ್ಟಪಟ್ಟು ಕೂಡಿಸಿದ್ದ ಹದ ಕೆಡುತ್ತದೆ.

ಇದಕ್ಕೇ ಸಬ್‌ಗ್ರೂಪ್ ಇರುವುದು. ಅನಲಾಗ್ ಮಿಕ್ಸರ್‌ನಲ್ಲಿ ಪ್ರತಿ ಫೇಡರ್‌ನ ಪಕ್ಕ 1-2, 3-4, ಎಲ್-ಆರ್ ಎಂಬ ಪುಟ್ಟ ಬಟನ್‌ಗಳಿರುತ್ತವೆ. ಡ್ರಮ್ಸಿನ ಎಂಟೂ ಚಾನೆಲ್‌ಗಳಲ್ಲಿ 1-2 ಒತ್ತಿ, ಎಲ್-ಆರ್ ಬಿಡಿಸಬೇಕು. ಪ್ಯಾನ್ ಎಡಕ್ಕೆ ತಿರುಗಿಸಿದ ಟಾಮ್ ಗ್ರೂಪ್ 1ಕ್ಕೆ, ಬಲಕ್ಕೆ ತಿರುಗಿಸಿದ್ದು ಗ್ರೂಪ್ 2ಕ್ಕೆ, ನಡುವೆ ಇಟ್ಟ ಕಿಕ್ ಎರಡಕ್ಕೂ ಹೋಗುತ್ತದೆ. ಕೊನೆಗೆ ಆ ಎರಡು ಗ್ರೂಪ್‌ಗಳನ್ನು ಮುಖ್ಯ ಔಟ್‌ಪುಟ್‌ನ ಎಡಬಲಕ್ಕೆ ಸೇರಿಸಿದರೆ ಇಡೀ ಡ್ರಮ್ಸ್ ಎರಡು ಬೆರಳಿನ ಅಂಕೆಗೆ ಬರುತ್ತದೆ.

ಎಲ್-ಆರ್ ಬಿಡಿಸಲು ಮರೆತರೆ ಅದೇ ದನಿ ಎರಡು ದಾರಿಯಲ್ಲಿ ಸ್ಪೀಕರ್ ತಲುಪುತ್ತದೆ. ಗ್ರೂಪ್ ಇಳಿಸಿದರೂ ಇನ್ನೊಂದು ದಾರಿ ತೆರೆದೇ ಇರುತ್ತದೆ. ಪರೀಕ್ಷೆ ಸುಲಭ: ಹೆಡ್‌ಫೋನ್‌ನಲ್ಲಿ ಮುಖ್ಯ ಮಿಕ್ಸ್ ಕೇಳುತ್ತಾ ಎರಡೂ ಗ್ರೂಪ್ ಫೇಡರ್‌ಗಳನ್ನು ಪೂರ್ತಿ ಇಳಿಸಿ, ಡ್ರಮ್ಮರ್‌ಗೆ ಒಂದೊಂದೇ ಡ್ರಮ್ ಬಾರಿಸಲು ಹೇಳಿ. ಯಾವುದು ಜೋರಾಗಿ ಉಳಿಯಿತೋ ಆ ಚಾನೆಲ್‌ನ ಬಟನ್ ನೋಡಿ. ಗಾಯಕರ ಮೈಕ್‌ಗಳಿಗೆ ಸೋರುವ ಸದ್ದು ದಾರಿ ತಪ್ಪಿಸದಂತೆ ಅವನ್ನು ಮೊದಲೇ ಮ್ಯೂಟ್ ಮಾಡಿಕೊಳ್ಳಬೇಕು.

ಎಂಟು ದನಿಗಳು ಒಂದೆಡೆ ಕೂಡಿದಾಗ ಚಾನೆಲ್‌ಗಳಲ್ಲಿ ಇಲ್ಲದ ಕೆಂಪು ದೀಪ ಗ್ರೂಪ್‌ನಲ್ಲಿ ಹೊತ್ತಬಹುದು. ಆಗ ಗ್ರೂಪ್ ಫೇಡರ್ ಇಳಿಸಿ ಫಲವಿಲ್ಲ, ಏಕೆಂದರೆ ದನಿಗಳು ಕೂಡಿ ಒಡೆಯುವ ಜಾಗ ಆ ಫೇಡರ್‌ಗಿಂತ ಹಿಂದೆಯೇ ಇದೆ. ಎಂಟೂ ಚಾನೆಲ್ ಫೇಡರ್‌ಗಳನ್ನು ಸಮನಾಗಿ ತುಸು ಇಳಿಸಿ, ಕಮ್ಮಿಯಾದಷ್ಟನ್ನು ಗ್ರೂಪ್‌ನಲ್ಲಿ ಏರಿಸಿಕೊಳ್ಳುವುದೇ ಸರಿ.

ಆಕ್ಸ್ ಸೆಂಡ್ ಬಂದಾಗ ವಿಷಯ ನಿಜವಾಗಿ ಸೂಕ್ಷ್ಮವಾಗುತ್ತದೆ. ಆಕ್ಸ್ ಎಂದರೆ ಚಾನೆಲ್‌ನಿಂದ ಕವಲೊಡೆದು ಬೇರೆಡೆಗೆ ಹೋಗುವ ದನಿಯ ಪಾಲು. ಮಾನಿಟರ್ ಸ್ಪೀಕರ್‌ಗಳಿಗೆ ಕೊಡುವ ಆಕ್ಸ್ ಪ್ರೀ-ಫೇಡರ್, ಅಂದರೆ ಚಾನೆಲ್ ಫೇಡರ್‌ಗೂ ಮೊದಲೇ ಕವಲೊಡೆದದ್ದು. ಜನರಿಗಾಗಿ ನಾವು ಏನೇ ಏರಿಳಿಸಿದರೂ ಬಾಸ್ ವಾದಕನ ಕಿವಿಗೆ ಬೀಳುವ ಕಿಕ್ ಹಾಗೇ ಇರುತ್ತದೆ. ಅದು ಹಾಗೇ ಇರಬೇಕು.

ರಿವರ್ಬ್‌ಗೆ ಕೊಡುವ ಆಕ್ಸ್ ಪೋಸ್ಟ್-ಫೇಡರ್. ಚಾನೆಲ್ ಇಳಿದರೆ ಅದೂ ಇಳಿಯುತ್ತದೆ. ಆದರೆ ಗ್ರೂಪ್ ಇಳಿದರೆ? ಆ ಕವಲು ಗ್ರೂಪ್‌ಗಿಂತ ಮೊದಲೇ ಒಡೆದಿರುವುದರಿಂದ ರಿವರ್ಬ್‌ಗೆ ಏನೂ ಗೊತ್ತಾಗುವುದಿಲ್ಲ. ಪಲ್ಲವಿಗೆಂದು ಗ್ರೂಪ್ ತಗ್ಗಿಸುತ್ತೀರಿ, ಸ್ನೇರ್‌ನ ಪೆಟ್ಟು ಹಿಂದೆ ಸರಿಯುತ್ತದೆ, ಅದರ ಅನುರಣನ ಮಾತ್ರ ಮೊದಲಿನಷ್ಟೇ ಜೋರಾಗಿ ಉಳಿಯುತ್ತದೆ. ಡ್ರಮ್ಸ್ ತಗ್ಗಿದಂತೆ ಕೇಳುವುದಿಲ್ಲ, ದೂರದ ಬಾವಿಯೊಳಗೆ ಬಾರಿಸಿದಂತೆ ಕೇಳುತ್ತದೆ.

ರಿವರ್ಬ್‌ನಿಂದ ಮರಳುವ ದನಿಯನ್ನು ಎಲ್-ಆರ್‌ಗೆ ಬಿಡದೆ ಅದೇ 1-2 ಗ್ರೂಪ್‌ಗೆ ತಿರುಗಿಸಿದರೆ ಈ ತೊಂದರೆ ತೀರುತ್ತದೆ. ಪೆಟ್ಟು ಮತ್ತು ಅನುರಣನ ಒಟ್ಟಿಗೆ ಏರಿಳಿಯುತ್ತವೆ. ಮರಳುವ ಚಾನೆಲ್‌ನಲ್ಲಿ ಅದೇ ರಿವರ್ಬ್‌ನ ಆಕ್ಸ್ ಮಾತ್ರ ಸೊನ್ನೆಯಲ್ಲೇ ಇರಬೇಕು, ಇಲ್ಲವಾದರೆ ದನಿ ಸುತ್ತಿ ಸುತ್ತಿ ಕೂಗು ಹಿಡಿಯುತ್ತದೆ. ಗಾಯಕರಿಗೂ ಅದೇ ರಿವರ್ಬ್ ಬಳಸುತ್ತಿದ್ದರೆ ಈ ಉಪಾಯ ನಡೆಯದು, ಡ್ರಮ್ಸ್ ತಗ್ಗಿಸಿದಾಗ ಅವರ ರಿವರ್ಬ್ ಕೂಡ ಮಾಯವಾಗುತ್ತದೆ. ಇರುವುದು ಒಂದೇ ರಿವರ್ಬ್ ಆದರೆ ಅದನ್ನು ಗಾಯಕರಿಗೆ ಬಿಟ್ಟು ಡ್ರಮ್ಸನ್ನು ಒಣದಾಗಿಯೇ ಕೇಳಿಸುವುದು ನನ್ನ ಆಯ್ಕೆ.

ಬೆಹ್ರಿಂಜರ್ ಎಕ್ಸ್32ರಂಥ ಡಿಜಿಟಲ್ ಮಿಕ್ಸರ್‌ಗಳಲ್ಲಿ ಡಿಸಿಎ ಎಂಬ ಬೇರೆ ಫೇಡರ್‌ಗಳಿವೆ. ಅವು ದನಿಗಳನ್ನು ಒಂದೆಡೆ ಕೂಡಿಸುವುದಿಲ್ಲ, ಪ್ರತಿ ಚಾನೆಲ್‌ನ ಮಟ್ಟವನ್ನೇ ದೂರದಿಂದ ಬದಲಿಸುತ್ತವೆ. ಹಾಗಾಗಿ ಪೋಸ್ಟ್-ಫೇಡರ್ ರಿವರ್ಬ್ ತಾನಾಗಿಯೇ ಜೊತೆಗೆ ಇಳಿಯುತ್ತದೆ. ಇಡೀ ಡ್ರಮ್ಸಿಗೆ ಒಂದೇ ಕಂಪ್ರೆಸರ್ ಹಾಕಬೇಕಾದರೆ ಮಾತ್ರ ಅಲ್ಲಿಯೂ ಗ್ರೂಪ್ ಬೇಕೇ ಬೇಕು.

ಗ್ರೂಪ್ ಫೇಡರ್ ತಗ್ಗಿಸುವುದು ಸ್ಪೀಕರ್‌ನ ಪಾಲನ್ನಷ್ಟೇ. ಚಿಕ್ಕ ಸಭಾಂಗಣದಲ್ಲಿ ಅದನ್ನು ಪೂರ್ತಿ ಇಳಿಸಿದರೂ ತಾಳಗಳ ಸದ್ದು ವೇದಿಕೆಯಿಂದಲೇ ಮುಂದಿನ ಸಾಲನ್ನು ಮುಟ್ಟುತ್ತದೆ. ಅಂಥ ಕಡೆ ಓವರ್‌ಹೆಡ್, ಹೈಹ್ಯಾಟ್ ಮೈಕ್‌ಗಳನ್ನು ತೆಗೆದು ಕಿಕ್, ಸ್ನೇರ್, ಟಾಮ್‌ಗಳನ್ನಷ್ಟೇ ಗ್ರೂಪ್‌ನಲ್ಲಿ ಇಟ್ಟರೆ ಸಾಕು. ಮೂರು ಚಾನೆಲ್ ಉಳಿಯುತ್ತದೆ. ಒಂದನ್ನು ಕೊಳಲಿಗೆ ಕೊಡಬಹುದು.